ಇಂಗ್ಲಿಷ್ ಕಥೆಯಲ್ಲಿ ಮಾತನ್ನು ಬರೆಯುವಾಗ ಏಳನೆಯ ತರಗತಿಯ ಮಕ್ಕಳು ಮಾಡುವ ವಿರಾಮಚಿಹ್ನೆಯ ತಪ್ಪುಗಳು: ಅಭ್ಯಾಸ ಹಾಳೆಯನ್ನು ಹೇಗೆ ಸಿದ್ಧಪಡಿಸಬೇಕು?

ಸೀಮೆಸುಣ್ಣ:
ನಾನು ಕನ್ನಡ ಮಾಧ್ಯಮದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ವಾಕ್ಯದ ಕೊನೆಗೆ ಪೂರ್ಣವಿರಾಮ, ಪ್ರಶ್ನೆಗೆ ಪ್ರಶ್ನಾರ್ಥಕ ಚಿಹ್ನೆ, ಹೆಸರಿಗೆ ದೊಡ್ಡಕ್ಷರ, ಇವೆಲ್ಲ ನನ್ನ ಮಕ್ಕಳಿಗೆ ಹೆಚ್ಚುಕಡಿಮೆ ಬಂದಿವೆ. ಆದರೆ ಒಂದು ಪುಟ್ಟ ಕಥೆಯನ್ನು ಬರೆಯಲು ಹೇಳಿ, ಅದರಲ್ಲಿ ಇಬ್ಬರು ಮಾತನಾಡಬೇಕು ಎಂದೊಡನೆ ಬಂದದ್ದೆಲ್ಲವೂ ಚದುರಿಹೋಗುತ್ತದೆ. ಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ಮೂರು ಬಗೆಯ ವಾಕ್ಯಗಳನ್ನು ಇಲ್ಲಿ ಕೊಡುತ್ತಿದ್ದೇನೆ.

```
Ravi said that "where is my slate".
"I am coming." Said Meena.
"I know the road" said Ravi, "We can go now."
```

ತಪ್ಪು ಹುಡುಕುವ ಹಾಳೆಗಳನ್ನು ಕೊಟ್ಟರೆ ಇದೇ ಮಕ್ಕಳು ಬಹುಪಾಲು ತಪ್ಪುಗಳನ್ನು ಹುಡುಕಿ ತೋರಿಸುತ್ತಾರೆ, ಆದರೆ ಮರುದಿನ ತಾವೇ ಬರೆಯುವಾಗ ಅವನ್ನೇ ಮಾಡುತ್ತಾರೆ. ನನ್ನ ಪ್ರಶ್ನೆಗಳು ಎರಡು. ಈ ನಿಯಮಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕು? ಹಾಳೆಯಲ್ಲಿ ಕಲಿತದ್ದು ಸ್ವಂತ ಬರವಣಿಗೆಗೆ ಇಳಿಯಬೇಕಾದರೆ ಹಾಳೆ ಹೇಗಿರಬೇಕು?

ನಿವೃತ್ತ ಮಾಸ್ತರು:
ಮೇಡಂ, ಇದನ್ನು ಇಷ್ಟು ಕಷ್ಟವಾಗಿಸುವ ಅಗತ್ಯವಿಲ್ಲ. ನಾನು ಸೇವೆಯಲ್ಲಿದ್ದಷ್ಟು ಕಾಲವೂ ಮಕ್ಕಳಿಗೆ ಒಂದೇ ಮಾತನ್ನು ಹೇಳುತ್ತಿದ್ದೆ: 'ಸೆಡ್' ಎಂಬ ಪದದ ಭಾಗವು ಮಾತಿಗೆ ತಾಗುವ ಕಡೆಯಲ್ಲೆಲ್ಲ ಒಂದು ಅಲ್ಪವಿರಾಮ ಇರಲೇಬೇಕು. ಮುಂದೆ ಬಂದರೂ ಅಲ್ಪವಿರಾಮ, ಹಿಂದೆ ಬಂದರೂ ಅಲ್ಪವಿರಾಮ, ನಡುವೆ ಬಂದರೆ ಎರಡು ಕಡೆಯೂ ಅಲ್ಪವಿರಾಮ. ಮಕ್ಕಳು ಇದನ್ನು ಬಾಯಿಪಾಠ ಮಾಡಿಕೊಂಡರೆ ಸಾಕು.

ಕರಡು ತಿದ್ದುವವ:
ಮಾಸ್ತರರು ಹೇಳಿದ ನಿಯಮವು ಅರ್ಧ ದಾರಿಯವರೆಗೆ ಚೆನ್ನಾಗಿ ಕರೆದೊಯ್ಯುತ್ತದೆ, ಆದ್ದರಿಂದ ಅದನ್ನು ಬಿಡಬೇಕಾಗಿಲ್ಲ. ಆದರೆ ಅದು ಎರಡು ಕಡೆ ಕೈಕೊಡುತ್ತದೆ, ಮತ್ತು ಮಕ್ಕಳು ಬರೆಯುವ ಕಥೆಗಳಲ್ಲಿ ಆ ಎರಡೂ ಸಂದರ್ಭಗಳು ಪದೇಪದೇ ಬರುತ್ತವೆ. ನಾನು ಮಕ್ಕಳ ಇಂಗ್ಲಿಷ್ ಪುಸ್ತಕಗಳ ಕರಡು ತಿದ್ದುವ ಕೆಲಸದಲ್ಲಿದ್ದೇನೆ. ಬೆಳೆದ ಲೇಖಕರ ಹಸ್ತಪ್ರತಿಗಳಲ್ಲಿಯೂ ಇವೇ ಎರಡು ಕಡೆ ಪೆನ್ಸಿಲ್ ಹಾಕಬೇಕಾಗುತ್ತದೆ.

ಮೊದಲನೆಯದು, ಆಡಿದ ಮಾತು ಪ್ರಶ್ನೆಯೋ ಉದ್ಗಾರವೋ ಆಗಿದ್ದಾಗ. ಆಗ ಪ್ರಶ್ನಾರ್ಥಕ ಅಥವಾ ಆಶ್ಚರ್ಯಸೂಚಕ ಚಿಹ್ನೆಯೇ ಅಲ್ಪವಿರಾಮದ ಸ್ಥಾನದಲ್ಲಿ ನಿಲ್ಲುತ್ತದೆ, ಇನ್ನೊಂದು ಅಲ್ಪವಿರಾಮ ಬೇಡ. ಮಾಸ್ತರರ ನಿಯಮವನ್ನು ಅಕ್ಷರಶಃ ಪಾಲಿಸಿದ ಮಗು ಎರಡನ್ನೂ ಹಾಕುತ್ತದೆ. ಎರಡನೆಯದು, ಹೇಳಿದವರ ಭಾಗವು ಮಾತಿನ ನಡುವೆ ಬಂದಾಗ. ಅಲ್ಲಿ ಆ ಭಾಗದ ನಂತರ ಅಲ್ಪವಿರಾಮವೂ ಬರಬಹುದು, ಪೂರ್ಣವಿರಾಮವೂ ಬರಬಹುದು. ಈ ಎರಡು ವಾಕ್ಯಗಳನ್ನು ನೋಡಿ, ಎರಡೂ ಸರಿ:

```
"I know the road," said Ravi, "but it is dark."
"I know the road," said Ravi. "We can go now."
```

ಮಕ್ಕಳಿಗೆ ಹೇಳಿಕೊಡಬಹುದಾದ ಪರೀಕ್ಷೆ ಸರಳವಾಗಿದೆ. 'ಸೆಡ್ ರವಿ' ಎಂಬುದನ್ನು ಬೆರಳಿನಿಂದ ಮುಚ್ಚಿ, ಉಳಿದ ಮಾತನ್ನು ಮಾತ್ರ ಓದಬೇಕು. ಉಳಿದದ್ದು ಒಂದೇ ವಾಕ್ಯವಾಗಿದ್ದರೆ ಅಲ್ಪವಿರಾಮ, ಮತ್ತು ಮುಂದಿನ ತುಂಡು ಸಣ್ಣಕ್ಷರದಿಂದ ಆರಂಭ. ಎರಡು ವಾಕ್ಯಗಳಾದರೆ ಪೂರ್ಣವಿರಾಮ, ಮತ್ತು ಮುಂದಿನದು ದೊಡ್ಡಕ್ಷರದಿಂದ ಆರಂಭ. ಮೇಡಂ ಕೊಟ್ಟ ಮೂರನೆಯ ವಾಕ್ಯದಲ್ಲಿ ಮಗು ಅಲ್ಪವಿರಾಮ ಹಾಕಿ, ಮುಂದೆ ದೊಡ್ಡಕ್ಷರ ಬರೆದಿದೆ. ಅಂದರೆ ಅದು ಎರಡು ವಾಕ್ಯ ಎಂಬುದು ಮಗುವಿಗೆ ಗೊತ್ತಿದೆ, ಅದನ್ನು ತೋರಿಸುವ ಚಿಹ್ನೆ ಮಾತ್ರ ತಪ್ಪಿದೆ. ತಿದ್ದುವಾಗ ಈ ವ್ಯತ್ಯಾಸವನ್ನು ಗಮನಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿ ಕಲಿಸಬೇಕಾದದ್ದು ಅರ್ಧ ಮಾತ್ರ ಉಳಿದಿದೆ.

ಇನ್ನು ಕಾರಣದ ವಿಚಾರ. ಕನ್ನಡದಲ್ಲಿ ಮಾತು ಮುಗಿದ ಮೇಲೆ 'ಎಂದು' ಅಥವಾ 'ಎಂದನು' ಬರುತ್ತದೆ. ಮಾತು ಎಲ್ಲಿಗೆ ಮುಗಿಯಿತು ಎಂಬುದನ್ನು ಆ ಪದವೇ ತೋರಿಸಿಬಿಡುವುದರಿಂದ ಚಿಹ್ನೆಯ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ. ಉದ್ಧರಣ ಚಿಹ್ನೆ ಇಲ್ಲದಿದ್ದರೂ ಓದುಗನು ತಡವರಿಸುವುದಿಲ್ಲ. ಕನ್ನಡ ಮುದ್ರಣದಲ್ಲಿ ಮಾತಿನ ಕೊನೆಗೆ ಪೂರ್ಣವಿರಾಮವನ್ನಿಟ್ಟು, ಚಿಹ್ನೆ ಮುಚ್ಚಿ, ಆಮೇಲೆ 'ಎಂದನು' ಎಂದು ಹಾಕಿರುವುದೂ ಕಾಣಸಿಗುತ್ತದೆ. ಮೀನಾಳ ವಾಕ್ಯದಲ್ಲಿ ಮಗು ಮಾಡಿದ್ದು ಅದನ್ನೇ. ಹಾಗೆಯೇ 'ಎಂದು' ಎಂಬುದರ ಜಾಗವನ್ನು ತುಂಬಲು 'ದ್ಯಾಟ್' ಹಾಕುತ್ತದೆ, ಅದರಿಂದ ಮೊದಲನೆಯ ವಾಕ್ಯದ ತಪ್ಪು ಹುಟ್ಟುತ್ತದೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಹೀಗಾಗಿ ವಾಕ್ಯದ ಹೊಟ್ಟೆಯೊಳಗೆ, ಚಿಹ್ನೆ ತೆರೆದ ಕೂಡಲೇ, ಇನ್ನೊಂದು ದೊಡ್ಡಕ್ಷರ ಬೇಕು ಎಂಬುದು ಮಗುವಿಗೆ ತಾನಾಗಿ ಹೊಳೆಯುವುದಿಲ್ಲ.

ಎರಡು ಊರಿನ ತಾಯಿ:
ನಾವು ಇಂಗ್ಲೆಂಡಿನಲ್ಲಿದ್ದೇವೆ, ಆದ್ದರಿಂದ ನನ್ನ ಅನುಭವವು ಇಲ್ಲಿ ಎಷ್ಟು ಉಪಯೋಗಕ್ಕೆ ಬರುತ್ತದೆಯೋ ನೋಡಿ. ಇಲ್ಲಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಉದ್ಧರಣ ಚಿಹ್ನೆಯನ್ನು ಮೂರನೆಯ ವರ್ಷದಲ್ಲಿ, ಅಂದರೆ ಏಳೆಂಟು ವಯಸ್ಸಿನ ಮಕ್ಕಳಿಗೆ, ಮೊದಲು ಪರಿಚಯಿಸುತ್ತಾರೆ. ಆಗ ಆಡಿದ ಮಾತಿನ ಸುತ್ತ ಚಿಹ್ನೆ ಬಂದರೆ ಸಾಕು. ಹೇಳಿದವರ ಭಾಗದ ನಂತರದ ಅಲ್ಪವಿರಾಮ, ಕೊನೆಯ ಚಿಹ್ನೆಯು ಉದ್ಧರಣದ ಒಳಗೆ ಬರಬೇಕೆಂಬುದು, ಇವೆಲ್ಲ ನಾಲ್ಕನೆಯ ವರ್ಷಕ್ಕೆ. ಇಂಗ್ಲಿಷನ್ನೇ ಮನೆಯಲ್ಲಿ ಆಡುವ ಮಕ್ಕಳಿಗೂ ಇದನ್ನು ಎರಡು ವರ್ಷಗಳಲ್ಲಿ ಹರಡಿ ಕಲಿಸುತ್ತಾರೆ ಎಂಬುದನ್ನು ಮೇಡಂ ಅವರ ಗಮನಕ್ಕೆ ತರಬೇಕೆನಿಸಿತು.

ನನ್ನದೊಂದು ಗೊಂದಲವೂ ಇದೆ. ಮಗಳು ಶಾಲೆಯಲ್ಲಿ ಜೋಡಿ ಗೆರೆಯ ಚಿಹ್ನೆಗಳನ್ನು ಬರೆಯುತ್ತಾಳೆ, ಆದರೆ ಗ್ರಂಥಾಲಯದಿಂದ ತರುವ ಕಥೆಪುಸ್ತಕಗಳಲ್ಲಿ ಬಹುತೇಕ ಒಂಟಿ ಗೆರೆಯವೇ ಇರುತ್ತವೆ. ಯಾವುದು ಸರಿ? ಇನ್ನೊಂದು ವಿಷಯ, ಅವಳು ಕಂಪ್ಯೂಟರಿನಲ್ಲಿ ಬರೆದಾಗ ಪ್ರಶ್ನಾರ್ಥಕ ಚಿಹ್ನೆಯ ನಂತರದ 'ಆಸ್ಕ್ಡ್' ತಾನಾಗಿಯೇ ದೊಡ್ಡಕ್ಷರವಾಗಿಬಿಡುತ್ತದೆ. ಅದನ್ನು ನೋಡಿ ಅವಳು ಕೈಬರಹದಲ್ಲಿಯೂ ಹಾಗೆಯೇ ಬರೆಯಲು ಆರಂಭಿಸಿದ್ದಾಳೆ.

ಕರಡು ತಿದ್ದುವವ:
ಒಂಟಿಯೂ ಸರಿ, ಜೋಡಿಯೂ ಸರಿ. ಬ್ರಿಟನ್ನಿನ ಪುಸ್ತಕ ಪ್ರಕಾಶಕರಲ್ಲಿ ಒಂಟಿ ಗೆರೆಯ ರೂಢಿ ಹೆಚ್ಚು, ಅಮೆರಿಕದಲ್ಲಿ ಜೋಡಿ ಗೆರೆಯ ರೂಢಿ. ಒಂದು ಬರಹದಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕು, ಅಷ್ಟೇ. ಕೈಬರಹ ಕಲಿಯುವ ಮಕ್ಕಳಿಗೆ ಜೋಡಿಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂಟಿ ಗೆರೆಯು 'ಡೋಂಟ್' ಮುಂತಾದ ಪದಗಳ ಮೇಲಿನ ಗುರುತಿನಂತೆಯೇ ಕಾಣಿಸಿ, ಮಾತು ಅಲ್ಲಿಗೇ ಮುಗಿಯಿತೇನೋ ಎಂಬ ಗೊಂದಲ ಹುಟ್ಟುತ್ತದೆ.

ಯಂತ್ರವು 'ಆಸ್ಕ್ಡ್' ಅನ್ನು ದೊಡ್ಡಕ್ಷರ ಮಾಡುವುದಕ್ಕೆ ಕಾರಣ, ಪ್ರಶ್ನಾರ್ಥಕ ಚಿಹ್ನೆ ಬಂದೊಡನೆ ವಾಕ್ಯ ಮುಗಿಯಿತೆಂದು ಅದು ಲೆಕ್ಕ ಹಾಕುವುದು. ಇಲ್ಲಿ ಪ್ರಶ್ನೆ ಮುಗಿದಿದೆ, ಆದರೆ ಕಥೆ ಹೇಳುವವರ ವಾಕ್ಯ ಇನ್ನೂ ಮುಗಿದಿಲ್ಲ. ಮೇಡಂ ಕೊಟ್ಟ 'ಸೆಡ್ ಮೀನಾ' ಎಂಬಲ್ಲಿಯೂ ಇದೇ ತಪ್ಪು ನಡೆದಿದೆ, ಅಲ್ಲಿ ಪೂರ್ಣವಿರಾಮವು ದೊಡ್ಡಕ್ಷರವನ್ನು ಎಳೆದುಕೊಂಡು ಬಂದಿದೆ.

ನಿವೃತ್ತ ಮಾಸ್ತರು:
ಪ್ರಶ್ನಾರ್ಥಕ ಚಿಹ್ನೆಯ ವಿಷಯವನ್ನು ಒಪ್ಪುತ್ತೇನೆ. ಆದರೆ ಪೂರ್ಣವಿರಾಮವು ಉದ್ಧರಣ ಚಿಹ್ನೆಯ ಹೊರಗೆ ಬರಬೇಕು, ಒಳಗೆ ಬರುವುದು ಅಮೆರಿಕದ ಪದ್ಧತಿ ಎಂದು ನಾವು ಕಲಿತಿದ್ದೆವು. ನಮ್ಮದು ಬ್ರಿಟಿಷ್ ಪದ್ಧತಿಯಲ್ಲವೇ?

ಕರಡು ತಿದ್ದುವವ:
ಹೊರಗೆ ಬರುವುದು ಬ್ರಿಟಿಷ್ ಪದ್ಧತಿ ಎಂಬ ಮಾತು ಒಂದೆರಡು ಪದಗಳನ್ನು ಮಾತ್ರ ಎತ್ತಿ ಹೇಳಿದಾಗ ನಿಜ. ಪೂರ್ತಿ ವಾಕ್ಯವನ್ನೇ ಯಾರೋ ಆಡಿದ್ದಾರೆ ಎಂದಾಗ ಎರಡೂ ದೇಶಗಳಲ್ಲಿ ಪೂರ್ಣವಿರಾಮ ಒಳಗೇ ಬರುತ್ತದೆ.

```
He called it "a very small river".
He said, "It is a very small river."
```

ಮೊದಲನೆಯದನ್ನು ಅಮೆರಿಕದಲ್ಲಿ ಪೂರ್ಣವಿರಾಮ ಒಳಗಿಟ್ಟು ಬರೆಯುತ್ತಾರೆ. ಎರಡನೆಯದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಏಳನೆಯ ತರಗತಿಯ ಕಥೆಗಳಲ್ಲಿ ಬರುವುದು ಎರಡನೆಯ ಬಗೆಯೇ ಆದ್ದರಿಂದ, ಮೊದಲನೆಯದನ್ನು ಈಗ ತರಗತಿಗೆ ತರದಿರುವುದು ಉತ್ತಮ.

ಬಿ.ಎಡ್. ವಿದ್ಯಾರ್ಥಿನಿ:
ಇಲ್ಲಿ ಡೈರೆಕ್ಟ್ ಸ್ಪೀಚ್‌ನಿಂದ ಇಂಡೈರೆಕ್ಟ್ ಸ್ಪೀಚ್‌ಗೆ ಬದಲಾಯಿಸುವ ಅಭ್ಯಾಸದ ಬಗ್ಗೆ ಚರ್ಚೆ ನಡೆಯುತ್ತಿದೆ ಎಂದುಕೊಂಡಿದ್ದೇನೆ. ಅದರಲ್ಲಿ ವರ್ತಮಾನ ಕಾಲವನ್ನು ಭೂತಕಾಲಕ್ಕೆ ತಿರುಗಿಸುವ ಕೋಷ್ಟಕವನ್ನು ಮೊದಲು ಕೊಡಬೇಕೇ, ಅಥವಾ ಉದಾಹರಣೆಗಳನ್ನು ಮೊದಲು ಕೊಡಬೇಕೇ?

ಸೀಮೆಸುಣ್ಣ:
ಅದು ಬೇರೆ ಪಾಠ, ನನ್ನ ಪ್ರಶ್ನೆ ಕೇವಲ ಚಿಹ್ನೆಗಳ ಕುರಿತು. ಆದರೆ ನಿಮ್ಮ ಮಾತಿನಿಂದ ನನಗೊಂದು ಅನುಮಾನ ಬಂದಿದೆ. ಆ ಬದಲಾವಣೆಯ ಅಭ್ಯಾಸವನ್ನು ಬೇಗ ಆರಂಭಿಸಿದ ತರಗತಿಯಲ್ಲಿಯೇ 'ಸೆಡ್ ದ್ಯಾಟ್' ಎಂದು ಬರೆದು ಅದರ ಮುಂದೆ ಉದ್ಧರಣ ಚಿಹ್ನೆ ಹಾಕುವವರು ಹೆಚ್ಚಾಗಿ ಕಾಣುತ್ತಾರೆ. ಮಕ್ಕಳು ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸುತ್ತಿದ್ದಾರೆಯೇ?

ಕರಡು ತಿದ್ದುವವ:
ಬೆರೆಸುತ್ತಿದ್ದಾರೆ ಎಂದೇ ನನಗೂ ಅನ್ನಿಸುತ್ತದೆ. ಮಾತನ್ನು ಇದ್ದಂತೆಯೇ ಕೊಡುವುದು ಕೈಗೆ ಹತ್ತಿದ ಮೇಲೆ ಬದಲಾವಣೆಯ ಅಭ್ಯಾಸಕ್ಕೆ ಹೋಗುವುದು ಸೂಕ್ತ.

ಕ್ರಮದ ಬಗ್ಗೆ ಕೇಳಿದ್ದೀರಿ. ನನ್ನ ಸಲಹೆ ಇದು: ಮೊದಲು ಹೇಳಿದವರ ಭಾಗ ಮುಂದೆ ಬರುವ ವಾಕ್ಯಗಳು, ಏಕೆಂದರೆ 'ರವಿಯು' ಎಂದು ಆರಂಭಿಸುವ ಕನ್ನಡದ ವಾಕ್ಯಕ್ಕೆ ಅದು ಹತ್ತಿರ. ಆಮೇಲೆ ಅದು ಕೊನೆಗೆ ಬರುವ ವಾಕ್ಯಗಳು, ಮತ್ತು ಇಲ್ಲಿ ಪ್ರಶ್ನೆ, ಉದ್ಗಾರಗಳಿಗೆ ಸಾಕಷ್ಟು ಸಮಯ ಬೇಕು. ನಡುವೆ ಬರುವುದು ಕಟ್ಟಕಡೆಗೆ. ತಪ್ಪು ಹುಡುಕುವ ಹಾಳೆಯೊಂದನ್ನು ಮಾದರಿಗಾಗಿ ಬರೆದಿದ್ದೇನೆ.

```
1. "Where are you going?" asked Meena.
2. Father said, "come inside".
3. "The bus is late." said Ravi.
4. "If it rains," said Ravi, "we will stay at home."
5. "Look at the river!", shouted Meena.
6. "The gate is open," said Ravi, "let us go in."
7. Meena said that, "I am hungry."
```

ಒಂದನೆಯದೂ ನಾಲ್ಕನೆಯದೂ ಸರಿಯಾಗಿವೆ, ಅವನ್ನು ಬೇಕೆಂದೇ ಸೇರಿಸಿದ್ದೇನೆ. ಪ್ರತಿ ಸಾಲಿನಲ್ಲಿಯೂ ತಪ್ಪಿದ್ದರೆ ಮಗು ಓದುವುದನ್ನು ಬಿಟ್ಟು, ಏನನ್ನಾದರೂ ಬದಲಾಯಿಸಿ ಮುಂದೆ ಹೋಗುತ್ತದೆ. ಸರಿಯಾದ ಸಾಲನ್ನು ಸರಿ ಎಂದು ಬಿಡಬೇಕಾದರೆ ಮಾತ್ರ ಅದು ನಿಯಮವನ್ನು ನೆನೆಯಬೇಕಾಗುತ್ತದೆ. ಎರಡನೆಯ ಸಾಲಿನಲ್ಲಿ ಎರಡು ತಪ್ಪುಗಳಿವೆ: ಮಾತಿನ ಮೊದಲ ಅಕ್ಷರ ದೊಡ್ಡದಾಗಬೇಕು, ಪೂರ್ಣವಿರಾಮ ಒಳಗೆ ಬರಬೇಕು. ಮೂರರಲ್ಲಿ ಪೂರ್ಣವಿರಾಮದ ಬದಲು ಅಲ್ಪವಿರಾಮ ಬರಬೇಕು. ಐದರಲ್ಲಿ ಅಲ್ಪವಿರಾಮವನ್ನು ತೆಗೆಯಬೇಕು. ಏಳಕ್ಕೆ ಎರಡು ಉತ್ತರಗಳಿವೆ, 'ದ್ಯಾಟ್' ತೆಗೆದು ಮಾತನ್ನು ಹಾಗೆಯೇ ಉಳಿಸಬಹುದು, ಅಥವಾ ಉದ್ಧರಣ ಚಿಹ್ನೆಗಳನ್ನು ತೆಗೆದು ಅವಳಿಗೆ ಹಸಿವಾಗಿತ್ತು ಎಂಬರ್ಥ ಬರುವಂತೆ ತಿರುಗಿಸಬಹುದು. ಆರನೆಯ ಸಾಲಿನಲ್ಲಿ ರವಿಯ ಹೆಸರಿನ ನಂತರ ಪೂರ್ಣವಿರಾಮ, ಮುಂದೆ ದೊಡ್ಡಕ್ಷರ.

ಸೀಮೆಸುಣ್ಣ:
ಈ ಹಾಳೆಯನ್ನು ಇವತ್ತು ಏಳನೆಯ ತರಗತಿಯಲ್ಲಿ ಬಳಸಿದೆ. ಸರಿಯಾದ ಸಾಲುಗಳನ್ನು ಸೇರಿಸಿದ್ದರಿಂದ ಆದ ವ್ಯತ್ಯಾಸ ಸ್ಪಷ್ಟವಾಗಿತ್ತು: ಒಂದನೆಯ ಸಾಲಿನಲ್ಲಿ 'ಆಸ್ಕ್ಡ್' ಅನ್ನು ದೊಡ್ಡಕ್ಷರ ಮಾಡಿದವರು ಅನೇಕರು, ಅವರಿಗೆ ಆ ಗೊಂದಲವಿದೆ ಎಂಬುದೇ ನನಗೆ ಈವರೆಗೆ ತಿಳಿದಿರಲಿಲ್ಲ. ಆದರೆ ಆರನೆಯ ಸಾಲಿನಲ್ಲಿ ಬೆರಳಿನ ಪರೀಕ್ಷೆ ನಡೆಯಲಿಲ್ಲ. 'ಸೆಡ್ ರವಿ' ಎಂಬುದನ್ನು ಮುಚ್ಚಿ ಓದಿದ ಮಕ್ಕಳು, "ಗೇಟು ತೆರೆದಿದೆ, ಒಳಗೆ ಹೋಗೋಣ, ಇದು ಒಂದೇ ವಾಕ್ಯವಲ್ಲವೇ ಮಿಸ್?" ಎಂದು ಕೇಳಿದರು. ಕನ್ನಡದಲ್ಲಿ ಹಾಗೆ ಅಲ್ಪವಿರಾಮ ಹಾಕಿ ಬರೆದರೆ ನಮಗೆ ಯಾರಿಗೂ ತಪ್ಪೆನಿಸುವುದಿಲ್ಲ.

ಕರಡು ತಿದ್ದುವವ:
ಆ ಪರೀಕ್ಷೆಯ ಮಿತಿಯನ್ನು ನಿಮ್ಮ ಮಕ್ಕಳು ಸರಿಯಾಗಿಯೇ ಹಿಡಿದಿದ್ದಾರೆ. ಒಂದು ವಾಕ್ಯ ಎಲ್ಲಿಗೆ ಮುಗಿಯುತ್ತದೆ ಎಂಬುದು ಗೊತ್ತಿದ್ದವರಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಕಿವಿಗೆ ಕೇಳುವ ನಿಲುಗಡೆಯನ್ನು ನಂಬಿದರೆ ಮಗು ಅಲ್ಪವಿರಾಮವನ್ನೇ ಆರಿಸುತ್ತದೆ, ಏಕೆಂದರೆ ಅರ್ಥದಲ್ಲಿ ಆ ಎರಡು ತುಂಡುಗಳು ಅಂಟಿಕೊಂಡಿವೆ.

ಆದ್ದರಿಂದ ಮುಚ್ಚಿ ಓದಿದ ಮೇಲೆ ಎರಡು ಪ್ರಶ್ನೆಗಳನ್ನು ಕೇಳಿಸಬೇಕು. ಎರಡನೆಯ ತುಂಡನ್ನು ಒಂಟಿಯಾಗಿ ಕಪ್ಪುಹಲಗೆಯ ಮೇಲೆ ಬರೆದರೆ ಅದು ಪೂರ್ಣ ವಾಕ್ಯವಾಗಿ ನಿಲ್ಲುತ್ತದೆಯೇ? ಮೊದಲ ತುಂಡೂ ಹಾಗೆಯೇ ನಿಲ್ಲುತ್ತದೆಯೇ? ಎರಡಕ್ಕೂ ಹೌದು ಎಂದಾದರೆ, ನಡುವೆ 'ಬಟ್', 'ಸೋ', 'ಬಿಕಾಸ್' ಮುಂತಾದ ಜೋಡಿಸುವ ಪದ ಇಲ್ಲದಿದ್ದರೆ ಅಲ್ಪವಿರಾಮ ಸಾಲದು, ಪೂರ್ಣವಿರಾಮವೇ ಬೇಕು. ಈ ಮೂರನ್ನು ಒಂದರ ಕೆಳಗೊಂದು ಬರೆದು ತೋರಿಸಿ:

```
"The gate is open," said Ravi. "Let us go in."
"The gate is open," said Ravi, "so let us go in."
"If the gate is open," said Ravi, "let us go in."
```

ಮೂರನೆಯದರಲ್ಲಿ 'ಇಫ್' ಇರುವುದರಿಂದ ಮೊದಲ ತುಂಡು ಒಂಟಿಯಾಗಿ ನಿಲ್ಲಲಾರದು. ಹಾಳೆಯ ನಾಲ್ಕನೆಯ ಸಾಲು ಸರಿಯಾದದ್ದೂ ಅದೇ ಕಾರಣಕ್ಕೆ. ಮಕ್ಕಳು ಜೋಡಿಸುವ ಪದಕ್ಕೆ ಗೆರೆ ಎಳೆಯಲು ಕಲಿತರೆ ಕಿವಿಯನ್ನು ಅವಲಂಬಿಸಬೇಕಾಗಿಲ್ಲ.

ಬಯಲುಸೀಮೆ ಟೀಚರ್:
ನನಗೆ ಮೂಲದಲ್ಲಿಯೇ ಒಂದು ತಕರಾರಿದೆ. ತಪ್ಪು ವಾಕ್ಯಗಳನ್ನು ಮಕ್ಕಳ ಮುಂದೆ ಇಡುವುದು ಸರಿಯೇ? ನಮ್ಮ ಮಕ್ಕಳಿಗೆ ಶಾಲೆಯ ಹೊರಗೆ ಇಂಗ್ಲಿಷ್ ಕಣ್ಣಿಗೆ ಬೀಳುವುದೇ ಕಡಿಮೆ. ಹಲಗೆಯ ಮೇಲೆ ಏನು ಬರೆದರೂ ಅದನ್ನು ಹಾಗೆಯೇ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ, ಪರೀಕ್ಷೆಯ ಮುನ್ನಾದಿನ ಆ ತಪ್ಪು ವಾಕ್ಯವನ್ನೇ ಓದಿಕೊಂಡು ಬರುತ್ತಾರೆ. ನಾನು ಚಿಹ್ನೆಗಳಿಲ್ಲದ ವಾಕ್ಯವನ್ನು ಕೊಟ್ಟು, ಚಿಹ್ನೆ ಹಾಕಿಸುತ್ತೇನೆ.

ಕರಡು ತಿದ್ದುವವ:
ನಿಮ್ಮ ಆತಂಕಕ್ಕೆ ಆಧಾರವಿದೆ. ಆದ್ದರಿಂದ ತಪ್ಪು ವಾಕ್ಯ ಹಲಗೆಯ ಮೇಲೆ ಬರಬಾರದು, ಹಾಳೆಯ ಮೇಲೆ ಮಾತ್ರ ಇರಬೇಕು, ಮತ್ತು ಮಗು ತಿದ್ದಿದ ರೂಪವನ್ನು ಮಾತ್ರ ತನ್ನ ಪುಸ್ತಕದಲ್ಲಿ ಬರೆಯಬೇಕು ಎಂದು ನನ್ನ ಅನಿಸಿಕೆ. ಚಿಹ್ನೆಗಳಿಲ್ಲದ ವಾಕ್ಯಕ್ಕೆ ಚಿಹ್ನೆ ಹಾಕುವುದು ಒಳ್ಳೆಯ ಅಭ್ಯಾಸವೇ. ಆದರೆ ಅಲ್ಲಿ ಏನೋ ಬಿಟ್ಟುಹೋಗಿದೆ ಎಂಬುದು ಮೊದಲೇ ಕಾಣುತ್ತದೆ. ತಾನೇ ಬರೆದ ಕಥೆಯಲ್ಲಿ ಬಿಟ್ಟದ್ದು ಹಾಗೆ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಯಾವುದೋ ಒಂದು ಚಿಹ್ನೆ ಇದ್ದೇ ಇರುತ್ತದೆ.

ಹಾಳೆಯಿಂದ ಬರವಣಿಗೆಗೆ ಇಳಿಯುವ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಹಾಳೆಯಲ್ಲಿ ತಪ್ಪಿದೆ ಎಂದು ಮಗುವಿಗೆ ಮೊದಲೇ ಗೊತ್ತು. ತನ್ನ ಕಥೆಯಲ್ಲಿ ಹಾಗೆ ಎಚ್ಚರಿಸುವವರಿಲ್ಲ. ಮೊದಲ ಹಾಳೆಗಳಲ್ಲಿ ತಪ್ಪುಗಳ ಸಂಖ್ಯೆಯನ್ನು ತಿಳಿಸಿ, ಆಮೇಲೆ ತಿಳಿಸದೆ ಬಿಡಿ, ಕೊನೆಗೆ ಹಾಳೆಯ ಬದಲು ಅವರದೇ ಹಿಂದಿನ ವಾರದ ಕಥೆಯನ್ನು ಕೊಡಿ. ನಾವು ಕರಡು ನೋಡುವಾಗ ಎಲ್ಲವನ್ನೂ ಒಂದೇ ಓದಿನಲ್ಲಿ ಹುಡುಕುವುದಿಲ್ಲ. ಮಕ್ಕಳೂ ಮೂರು ಸುತ್ತು ಓದಲಿ: ಮೊದಲ ಸುತ್ತಿನಲ್ಲಿ ಬಾಯಿಂದ ಬಂದ ಮಾತಿನ ಕೆಳಗೆ ಗೆರೆ ಎಳೆದು, ಚಿಹ್ನೆ ಎರಡು ತುದಿಗೂ ಇದೆಯೇ ಎಂದು ನೋಡುವುದು. ಎರಡನೆಯ ಸುತ್ತಿನಲ್ಲಿ ದೊಡ್ಡಕ್ಷರಗಳನ್ನು ಮಾತ್ರ. ಮೂರನೆಯದರಲ್ಲಿ ಮಾತಿಗೂ ಹೇಳಿದವರ ಭಾಗಕ್ಕೂ ನಡುವಿನ ಚಿಹ್ನೆಯನ್ನು ಮಾತ್ರ. ಇದಕ್ಕೊಂದು ಸಂಖ್ಯೆ ತಿಳಿಸದ ಹಾಳೆ:

```
The boys reached the gate. "It is locked" said Ravi
"no," said Anil "It only looks locked." He pushed it
and it opened. "Who taught you that," asked Ravi.
```

ಮೊದಲ ಸುತ್ತಿನಲ್ಲಿ ಏನೂ ಸಿಗುವುದಿಲ್ಲ, ಉದ್ಧರಣ ಚಿಹ್ನೆಗಳೆಲ್ಲ ಸರಿಯಾಗಿವೆ. ಎರಡನೆಯದರಲ್ಲಿ 'ನೋ' ಸಿಗುತ್ತದೆ. ಮೂರನೆಯದರಲ್ಲಿ 'ಲಾಕ್ಡ್' ನಂತರ ಬಿಟ್ಟ ಅಲ್ಪವಿರಾಮ, ರವಿಯ ಹೆಸರಿನ ನಂತರ ಬಿಟ್ಟ ಪೂರ್ಣವಿರಾಮ, ಅನಿಲನ ಹೆಸರಿನ ನಂತರದ ಖಾಲಿ ಜಾಗ, ಕೊನೆಯ ಮಾತಿನಲ್ಲಿ ಅಲ್ಪವಿರಾಮದ ಬದಲು ಬರಬೇಕಾದ ಪ್ರಶ್ನಾರ್ಥಕ ಚಿಹ್ನೆ. ಅನಿಲನ ಹೆಸರಿನ ನಂತರ ಪೂರ್ಣವಿರಾಮ ಹಾಕಿದರೆ ಮುಂದಿನ ದೊಡ್ಡಕ್ಷರ ಹಾಗೆಯೇ ಉಳಿಯುತ್ತದೆ, ಅಲ್ಪವಿರಾಮ ಹಾಕಿದರೆ ಅದನ್ನು ಸಣ್ಣಕ್ಷರ ಮಾಡಬೇಕು. ಎರಡೂ ಸರಿ, ಏಕೆಂದರೆ 'ನೋ' ಎಂಬುದು ಒಂಟಿಯಾಗಿಯೂ ನಿಲ್ಲುತ್ತದೆ, ಮುಂದಿನ ವಾಕ್ಯಕ್ಕೂ ಸೇರುತ್ತದೆ. ಇಷ್ಟಾದ ಮೇಲೆ ಮಾತನಾಡುವವರು ಬದಲಾದಾಗಲೆಲ್ಲ ಹೊಸ ಸಾಲಿನಿಂದ ಬರೆಸಬೇಕು.

ಎರಡು ಊರಿನ ತಾಯಿ:
ಈ ಹಾಳೆಯನ್ನು ಮಗಳಿಗೆ ಕೊಟ್ಟೆ. ಅವಳು 'ಪುಶ್ಡ್ ಇಟ್' ನಂತರ, 'ಆ್ಯಂಡ್' ಮುಂಚೆ ಅಲ್ಪವಿರಾಮ ಬೇಕು ಎಂದು ವಾದಿಸಿದಳು. ಅದು ತಪ್ಪೇ?

ಕರಡು ತಿದ್ದುವವ:
ತಪ್ಪಲ್ಲ. ಎರಡು ಪೂರ್ಣ ತುಂಡುಗಳನ್ನು 'ಆ್ಯಂಡ್' ಜೋಡಿಸಿದಾಗ ಅಲ್ಪವಿರಾಮ ಹಾಕುತ್ತಾರೆ, ತುಂಡುಗಳು ಇಷ್ಟು ಚಿಕ್ಕದಾಗಿದ್ದರೆ ಬಿಡುವುದೂ ಉಂಟು. ಅವಳು ಹಾಕಿದ್ದರೆ ಹಾಗೆಯೇ ಇರಲಿ. ಮೇಡಂ ಈ ಹಾಳೆಯನ್ನು ಬಳಸುವಾಗ ಆ ವಾಕ್ಯವನ್ನು ಎರಡಾಗಿ ಒಡೆದುಬಿಡುವುದು ಒಳ್ಳೆಯದು. ಎರಡೂ ಸರಿಯಾದ ಜಾಗಗಳು ಹಾಳೆಯಲ್ಲಿ ಹೆಚ್ಚಾದರೆ ಮಕ್ಕಳು ಬೇರೆ ವಿಷಯಕ್ಕೆ ಜಾರುತ್ತಾರೆ.

ಬಯಲುಸೀಮೆ ಟೀಚರ್:
ಮೂರು ಸುತ್ತಿನ ಓದನ್ನು ನಾನೂ ಮಾಡಿಸಿ ನೋಡುತ್ತೇನೆ, ಆದರೆ ಮಕ್ಕಳ ಸ್ವಂತ ಕಥೆಗಳ ಮೇಲೆ ಮಾತ್ರ. ತಪ್ಪು ತುಂಬಿದ ಹಾಳೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಹೊಸ ಸಾಲಿನ ನಿಯಮವನ್ನು ಮಕ್ಕಳು ಪಾಲಿಸಿದರೆ ಅರ್ಧ ಸಾಲುಗಳು ಖಾಲಿ ಉಳಿದು ಪುಸ್ತಕ ಬೇಗ ಮುಗಿಯುತ್ತದೆ ಎಂದು ನಮ್ಮಲ್ಲಿ ಪೋಷಕರು ಆಕ್ಷೇಪಿಸುತ್ತಾರೆ, ಅದಕ್ಕೆ ಒಂದು ದಾರಿ ಇದ್ದರೆ ತಿಳಿಸಿ.

ಸೀಮೆಸುಣ್ಣ:
ನನ್ನ ತರಗತಿಯಲ್ಲಿ ಹಾಳೆಗಳಿಗೆ ಹೊಸ ಸಾಲನ್ನು ಕೇಳುವುದಿಲ್ಲ, ತಿಂಗಳ ಕೊನೆಯ ಕಥೆಗೆ ಮಾತ್ರ ಕೇಳಬೇಕೆಂದಿದ್ದೇನೆ. ಅಂಕದ ಲೆಕ್ಕ ನನಗಿನ್ನೂ ಬಗೆಹರಿದಿಲ್ಲ. ಆರನೆಯ ಸಾಲಿನಲ್ಲಿ ಪೂರ್ಣವಿರಾಮ ಹಾಕಿ, ದೊಡ್ಡಕ್ಷರವನ್ನು ಮರೆತ ಮಗುವಿಗೆ ಪೂರ್ತಿ ಅಂಕ ಕಳೆಯುವುದು ನ್ಯಾಯವೆನಿಸುವುದಿಲ್ಲ, ಅರ್ಧ ಅಂಕ ಕೊಟ್ಟರೆ ನಲವತ್ತು ಹಾಳೆಗಳನ್ನು ತಿದ್ದುವ ಹೊತ್ತಿಗೆ ಲೆಕ್ಕವೇ ಒಂದು ಕೆಲಸವಾಗುತ್ತದೆ. ಮಾಸ್ತರರೇ, ನೀವು ಹೇಗೆ ಕೊಡುತ್ತಿದ್ದಿರಿ?

ನಿವೃತ್ತ ಮಾಸ್ತರು:
ನಾನು ಸಾಲಿಗೊಂದು ಅಂಕ ಇಟ್ಟು, ಪೂರ್ತಿ ಸರಿಯಿದ್ದರೆ ಮಾತ್ರ ಕೊಡುತ್ತಿದ್ದೆ. ಆದರೆ ಚಿಹ್ನೆ ಮತ್ತು ದೊಡ್ಡಕ್ಷರ ಎರಡೂ ಒಂದೇ ನಿರ್ಧಾರದ ಎರಡು ಗುರುತುಗಳು ಎಂಬುದನ್ನು ಈ ಚರ್ಚೆಯಲ್ಲಿ ಓದಿದ ಮೇಲೆ, ಪೂರ್ಣವಿರಾಮ ಸರಿಯಿದ್ದರೆ ಅಂಕ ಕೊಟ್ಟು, ಅಕ್ಷರದ ಸುತ್ತ ವೃತ್ತವೊಂದನ್ನು ಹಾಕಿ ಮಗುವಿನಿಂದಲೇ ತಿದ್ದಿಸಬಹುದು ಎನಿಸುತ್ತಿದೆ. ತದ್ವಿರುದ್ಧವಾಗಿ, ಅಲ್ಪವಿರಾಮ ಹಾಕಿ ದೊಡ್ಡಕ್ಷರ ಬರೆದವರಿಗೆ ಏನು ಮಾಡಬೇಕು ಎಂಬುದನ್ನು ಕರಡು ತಿದ್ದುವವರೇ ಹೇಳಬೇಕು.

ಕರಡು ತಿದ್ದುವವ:
ಅವರಿಗೂ ಅದೇ ನ್ಯಾಯ ಸಲ್ಲಬೇಕು ಎಂದು ನಾನು ಭಾವಿಸುತ್ತೇನೆ, ಆದರೆ ಅಂಕ ಹಾಕಿ ಅಭ್ಯಾಸವಿರುವ ಇತರರು ಇದನ್ನು ಒಪ್ಪುತ್ತಾರೆಯೇ ಎಂದು ತಿಳಿಯಲು ಕಾಯುತ್ತೇನೆ.